ಗಣಕಯಂತ್ರದ ಪರೀಕ್ಷೆಯಲ್ಲಿ ಮರೆಯಲ್ಲಿರುವ ಪ್ರಶ್ನೆಗಳು

ನಮ್ಮ ಶಾಲೆಗಳಲ್ಲಿ ಓದಿ ಇಂಜಿನಿಯರಿಂಗ್ ಪದವಿಯವರೆಗೆ ಸಾಗಿದ ವಿದ್ಯಾರ್ಥಿಗಳು ಉದ್ಯೋಗಕ್ಕೆ ಅರ್ಜಿ ಹಾಕಿದಾಗ ಹಲವು ಕಂಪನಿಗಳು ಮೊದಲು ಒಡ್ಡುವುದು ಅಂತರ್ಜಾಲದ ಮೂಲಕ ನಡೆಯುವ ಪ್ರೋಗ್ರಾಮಿಂಗ್ ಪರೀಕ್ಷೆಯನ್ನು. ಮೂರು ಸಮಸ್ಯೆಗಳು, 90 ನಿಮಿಷ ಎಂಬುದು ಅಂತಹ ಪರೀಕ್ಷೆಯ ಒಂದು ಸಾಮಾನ್ಯ ರೂಪ. ಉತ್ತರಪತ್ರಿಕೆಯನ್ನು ಉಪಾಧ್ಯಾಯರು ತಿದ್ದುವುದಿಲ್ಲ. ವಿದ್ಯಾರ್ಥಿ ಬರೆದ ಪ್ರೋಗ್ರಾಮನ್ನು ಯಂತ್ರವೇ ಹಲವು ದತ್ತಾಂಶಗಳ ಮೇಲೆ ಓಡಿಸಿ ನೋಡುತ್ತದೆ. ಅವುಗಳಲ್ಲಿ ಒಂದೆರಡು ಮಾತ್ರ ವಿದ್ಯಾರ್ಥಿಯ ಕಣ್ಣಿಗೆ ಬೀಳುತ್ತವೆ, ಉಳಿದವು ಮರೆಯಲ್ಲಿರುತ್ತವೆ. ಈ ಮರೆಯ ದತ್ತಾಂಶ ಹೇಗಿದ್ದೀತೆಂದು ಊಹಿಸಲು ಬಾರದೆ ಬುದ್ಧಿವಂತರಾದವರೂ ಹಿಂದೆ ಬೀಳುವುದುಂಟು.

ಒಂದು ಸಮಸ್ಯೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಂಗಡಿಯೊಂದರಲ್ಲಿ N ವಸ್ತುಗಳಿದ್ದು, ಪ್ರತಿಯೊಂದರ ಬೆಲೆಯನ್ನು ಕೊಟ್ಟಿದೆ. ಎರಡರ ಬೆಲೆ ಕೂಡಿದಾಗ ಸರಿಯಾಗಿ K ರೂಪಾಯಿ ಆಗುವಂತಹ ಜೋಡಿಗಳು ಎಷ್ಟು? ತೋರಿಸಿದ ಮಾದರಿಯಲ್ಲಿ ಐದೇ ವಸ್ತುಗಳಿವೆ. ಆದರೆ ಪ್ರಶ್ನೆಯ ಕೊನೆಗೆ `Constraints` ಎಂಬ ಶೀರ್ಷಿಕೆಯ ಕೆಳಗೆ, N ಎರಡು ಲಕ್ಷದವರೆಗೆ ಇರಬಹುದು, ಕಾಲಮಿತಿ ಒಂದು ಸೆಕೆಂಡು ಎಂದು ಬರೆದಿರುತ್ತದೆ. ಮರೆಯ ದತ್ತಾಂಶದ ಸುಳಿವೆಲ್ಲ ಈ ಒಂದು ಸಾಲಿನಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೇಲಿನ ಇಂಗ್ಲಿಷ್ ಕಥೆಯೊಂದಿಗೆ ಹೆಣಗುತ್ತ ಇದನ್ನು ಓದದೆಯೇ ಬಿಡುವುದುಂಟು. ಅವರು ಓದನ್ನು ಈ ಸಾಲಿನಿಂದಲೇ ಆರಂಭಿಸುವುದು ಲೇಸು.

ಎಲ್ಲರಿಗೂ ಮೊದಲು ಹೊಳೆಯುವ ಮಾರ್ಗವೆಂದರೆ ಪ್ರತಿಯೊಂದು ಜೋಡಿಯನ್ನೂ ಕೂಡಿ ನೋಡುವುದು. N ಒಂದು ಸಾವಿರವಾದರೆ 4,99,500 ಜೋಡಿಗಳು. ಯಂತ್ರಕ್ಕೆ ಇದು ಕಣ್ಣುರೆಪ್ಪೆ ಬಡಿಯುವಷ್ಟರ ಕೆಲಸ. N ಎರಡು ಲಕ್ಷವಾದರೆ ಸುಮಾರು ಎರಡು ಸಾವಿರ ಕೋಟಿ ಜೋಡಿಗಳು. ಸಿ++ ನಂತಹ ಭಾಷೆಯಲ್ಲಿ ಸೆಕೆಂಡಿಗೆ ಹತ್ತು ಕೋಟಿ ಸರಳ ಕ್ರಿಯೆಗಳೆಂಬ ಸ್ಥೂಲ ಅಂದಾಜನ್ನು ಹಿಡಿದರೂ ಇನ್ನೂರು ಸೆಕೆಂಡು ಬೇಕು. ಆದ್ದರಿಂದ ದೊಡ್ಡ ದತ್ತಾಂಶದ ಮುಂದೆ `Time Limit Exceeded` ಎಂಬ ತೀರ್ಪು ಬರುವುದು ಖಚಿತ.

ಹಾಗೆಂದು ಈ ಮಾರ್ಗ ವ್ಯರ್ಥವಲ್ಲ. ಹತ್ತು ಪರೀಕ್ಷೆಗಳಿಗೆ ತಲಾ ಹತ್ತು ಅಂಕವಿದ್ದು, ನಾಲ್ಕು ಚಿಕ್ಕವಾಗಿದ್ದರೆ ನಲವತ್ತು ಅಂಕ ಕೈಗೆ ಬಂದಂತೆಯೇ. ಹತ್ತು ನಿಮಿಷದಲ್ಲಿ ಇದನ್ನು ಬರೆದು ಒಪ್ಪಿಸಿ ಮುಂದಿನ ಸಮಸ್ಯೆಗೆ ಹೋಗುವುದೇ ಜಾಣತನ. ಮೊದಲನೆಯದನ್ನು ಪೂರ್ಣಗೊಳಿಸಿಯೇ ತೀರುವೆನೆಂದು ಐವತ್ತು ನಿಮಿಷ ಕುಳಿತವನು, ಮೂರನೆಯದೇ ಅತ್ಯಂತ ಸುಲಭವಾಗಿತ್ತೆಂಬುದನ್ನು ತಡವಾಗಿ ಕಾಣುತ್ತಾನೆ. ಪರದೆಯ ಮೇಲಿನ ಅನುಕ್ರಮವೇ ಕಾಠಿಣ್ಯದ ಅನುಕ್ರಮವೆಂಬ ನಿಯಮವೇನೂ ಇಲ್ಲವಷ್ಟೆ! ಮೊದಲ ಎಂಟು ಹತ್ತು ನಿಮಿಷ ಮೂರನ್ನೂ ಓದುವುದಕ್ಕೆ ಮೀಸಲಿಡಬೇಕು.

ಆದರೆ ಅಂಕ ಹಂಚುವ ಕ್ರಮ ಎಲ್ಲೆಡೆ ಒಂದೇ ಅಲ್ಲ. ಕಾಲೇಜು ತಂಡಗಳ ಐಸಿಪಿಸಿ ಸ್ಪರ್ಧೆಯಲ್ಲಿ ಭಾಗಶಃ ಅಂಕವೇ ಇಲ್ಲ. ಶಾಲಾ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಪರೀಕ್ಷೆಗಳನ್ನು ಗುಂಪು ಮಾಡಿರುತ್ತಾರೆ. ಒಂದು ಗುಂಪಿನ ಪೂರ್ಣ ಅಂಕಕ್ಕೆ ಅದರೊಳಗಿನ ಎಲ್ಲವೂ ಸರಿಯಾಗಬೇಕು. ಲೆಕ್ಕವನ್ನೇ ಮಾಡದೆ ಸೊನ್ನೆಯನ್ನು ಮುದ್ರಿಸಿ ಅದೃಷ್ಟವನ್ನು ನಂಬುವವನಿಗೆ ಅಲ್ಲಿ ಸಿಗುವುದೂ ಸೊನ್ನೆಯೇ.

ಮೂರರಲ್ಲೂ ಕೈಯಾಡಿಸಿದ ಮೇಲೆ ಉಳಿದ ಕಾಲದಲ್ಲಿ ಮೊದಲನೆಯದಕ್ಕೆ ಮರಳಬಹುದು. ಉತ್ತಮ ಮಾರ್ಗ ಸರಳವಾಗಿದೆ. ಬೆಲೆಗಳನ್ನು ಒಂದೊಂದಾಗಿ ನೋಡುತ್ತ, ಈಗಿನದನ್ನು K ಯಿಂದ ಕಳೆದರೆ ಬರುವ ಬೆಲೆಯನ್ನು ಈವರೆಗೆ ಎಷ್ಟು ಸಲ ಕಂಡಿದ್ದೇವೆಂದು ಪಟ್ಟಿಯಲ್ಲಿ ನೋಡಿ, ಆ ಸಂಖ್ಯೆಯನ್ನು ಉತ್ತರಕ್ಕೆ ಕೂಡಿಸಬೇಕು. ಬಳಿಕ ಈಗಿನ ಬೆಲೆಯನ್ನು ಪಟ್ಟಿಗೆ ಸೇರಿಸಬೇಕು. ಎರಡು ಲಕ್ಷ ಹೆಜ್ಜೆಗಳಲ್ಲಿ ಕೆಲಸ ಮುಗಿಯಿತು. ಈ ಎರಡು ಕ್ರಿಯೆಗಳು ಹಿಂದುಮುಂದಾದರೆ ಮಾತ್ರ ವಸ್ತುವೊಂದು ತನ್ನೊಡನೆ ತಾನೇ ಜೋಡಿಯಾಗಿಬಿಡುತ್ತದೆ. ಒಂದೇ ವಸ್ತು, ಬೆಲೆ 5, K 10 ಎಂದು ಕೊಟ್ಟು ನೋಡಿದರೆ ಸಾಕು: ಸೊನ್ನೆಯ ಬದಲು ಒಂದು ಎಂಬ ಉತ್ತರ ಬರುತ್ತದೆ. K ಯ ಅರ್ಧದಷ್ಟು ಬೆಲೆಯ ವಸ್ತು ಮಾದರಿಯಲ್ಲಿ ಇಲ್ಲದಿದ್ದರೆ ಈ ದೋಷ ಅಲ್ಲಿ ಕಾಣಿಸದು.

ಇನ್ನೊಂದು ದೋಷ ಮತ್ತಷ್ಟು ಗುಪ್ತವಾದುದು. ಚಿಕ್ಕವು ಸರಿಯಾಗಿ, ದೊಡ್ಡ ದತ್ತಾಂಶವೊಂದರಲ್ಲಿ ಕಾಲಮಿತಿಯ ಬದಲು `Wrong Answer` ಎಂದು ಬಂದರೆ ಉತ್ತರದ ಗಾತ್ರವನ್ನೇ ಶಂಕಿಸಬೇಕು. ಸಿ++ ನಲ್ಲಿ ಸಾಮಾನ್ಯವಾಗಿ `int` ಹಿಡಿಯುವ ಗರಿಷ್ಠ ಸಂಖ್ಯೆ 214,74,83,647. ಎಲ್ಲ ವಸ್ತುಗಳ ಬೆಲೆಯೂ K ಯ ಅರ್ಧವಾಗಿದ್ದರೆ, 65,537 ವಸ್ತುಗಳಿಗೇ ಜೋಡಿಗಳು 214,75,16,416 ಆಗಿ ಆ ಮಿತಿಯನ್ನು ದಾಟುತ್ತವೆ. ಎಣಿಕೆಯನ್ನು `long long` ಎಂದು ಘೋಷಿಸಿದರೆ ತೊಂದರೆ ನೀಗುತ್ತದೆ. ಪೈಥಾನ್ ಬಳಸುವವರಿಗೆ ಈ ಚಿಂತೆಯಿಲ್ಲ. ಆದರೆ ಅದರ ವೇಗ ಕಡಿಮೆ.

ಕೊನೆಯ ಐದು ನಿಮಿಷಗಳಲ್ಲಿ ಅರ್ಧ ತಿದ್ದಿದ ಪ್ರೋಗ್ರಾಮನ್ನು ಒಪ್ಪಿಸುವ ಮೊದಲು ಒಂದು ಸಂಗತಿಯನ್ನು ಸೂಚನಾಪತ್ರದಲ್ಲಿ ನೋಡಿಕೊಂಡಿರಬೇಕು. ಕೆಲವು ಪರೀಕ್ಷೆಗಳಲ್ಲಿ ಅತ್ಯುತ್ತಮವಾದುದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಕೆಲವುಗಳಲ್ಲಿ ಕಟ್ಟಕಡೆಯದನ್ನು. ಎರಡನೆಯ ಬಗೆಯಾದರೆ, ಮೊದಲು ಗಳಿಸಿದ ನಲವತ್ತು ಅಂಕಗಳೂ ಆ ಒಂದು ಒತ್ತಿಗೆ ಹೋಗಿಬಿಡುತ್ತವೆ.