ಚೀಲದ ಮೇಲೂ ಗೋಡೆಯ ಮೇಲೂ ಒಂದೇ ಹೆಸರು

ತುಂಗಭದ್ರಾ ಎಡದಂಡೆ ನಾಲೆಯ ನೀರುಂಡು ಬೆಳೆದ ಭತ್ತವು ಮಾನ್ವಿಯ ಗಿರಣಿಯಲ್ಲಿ ಅಕ್ಕಿಯಾಗಿ, ಸೋನಾ ಮಸೂರಿಯೆಂಬ ಖ್ಯಾತಿಯನ್ನು ಹೊತ್ತು ದೂರದ ಪೇಟೆಗಳಿಗೆ ಹೊರಡುವಷ್ಟರಲ್ಲಿ, ಆ ಅಕ್ಕಿಗೆ ಗಿರಣಿಯವರು ಇಟ್ಟ ಹೆಸರನ್ನು ಎಷ್ಟು ಕೈಗಳು ಎಷ್ಟು ಬಗೆಯಾಗಿ ಬರೆದಿರುತ್ತವೆ ಎಂಬುದನ್ನು ಯಜಮಾನರು ಎಣಿಸಿ ನೋಡಿರುವುದು ಅಪರೂಪ. ಚೀಲ ಅಚ್ಚಾಗುವುದು ಬೇರೊಂದು ರಾಜ್ಯದ ಕಾರ್ಖಾನೆಯಲ್ಲಿ. ಬಿಲ್ಲು ಪುಸ್ತಕ ರಾಯಚೂರಿನ ಆಫ್‌ಸೆಟ್ ಮುದ್ರಣಾಲಯದಲ್ಲಿ. ಅಂಗಡಿಯ ಮುಂದಣ ಫ್ಲೆಕ್ಸ್ ಮಾನ್ವಿಯಲ್ಲಿ. ದೇವದುರ್ಗದ ರಸ್ತೆಬದಿಯ ಗೋಡೆಬರಹ ಅಲ್ಲಿಯ ಪೇಂಟರ ಕುಂಚದಲ್ಲಿ. ಹಬ್ಬದ ಶುಭಾಶಯದ ಜಾಹೀರಾತು ಮನೆಯಲ್ಲೇ ಕುಳಿತು ಡಿಟಿಪಿ ಮಾಡುವ ತರುಣನೊಬ್ಬನ ಗಣಕದಲ್ಲಿ. ಇವರಲ್ಲಿ ಒಬ್ಬರ ಕೆಲಸವನ್ನು ಮತ್ತೊಬ್ಬರು ಕಂಡಿರುವುದಿಲ್ಲ. ಪ್ರತಿಯೊಬ್ಬರೂ ತಮಗೆ ದೊರೆತ ಹಳೆಯ ಚೀಲದ ಛಾಯಾಚಿತ್ರವನ್ನೇ ಮೂಲವೆಂದು ತಿಳಿದು ಕೆಲಸ ಮಾಡುತ್ತಾರೆ. ಈ ಚದುರಿದ ಕೈಗಳಿಗೆಲ್ಲ ಏಕರೂಪದ ಆಧಾರವಾಗಬೇಕಾದುದೇ ಬ್ರ್ಯಾಂಡಿನ ಕೈಪಿಡಿ. ಅಂಥ ಒಂದು ಗಿರಣಿಯನ್ನು ಉದಾಹರಣೆಗಾಗಿ ಊಹಿಸಿಕೊಂಡು, ಅದರ ಕೈಪಿಡಿಯಲ್ಲಿ ಏನಿರತಕ್ಕದ್ದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಸಾಮಾನ್ಯವಾಗಿ ದೊರೆಯುವ ಕೈಪಿಡಿಗಳ ಮೊದಲ ಪುಟಗಳಲ್ಲಿ ಸಂಸ್ಥೆಯ ಧ್ಯೇಯ, ಆದರ್ಶ, ಲಾಂಛನದ ಭಾವಾರ್ಥ ಇವುಗಳ ವಿಸ್ತಾರವಾದ ನಿರೂಪಣೆ ಕಾಣಬರುತ್ತದೆ. ಮುದ್ರಕನಿಗೆ ಇದರಿಂದ ಯಾವ ಪ್ರಯೋಜನವೂ ಇಲ್ಲ. ಅವನು ಕೇಳುವುದು ಕಡತ, ಅಳತೆ, ಮಸಿ ಈ ಮೂರನ್ನೇ. ಇವುಗಳಲ್ಲಿ ಕನ್ನಡದ ಮಟ್ಟಿಗೆ ಅತ್ಯಂತ ದುರ್ಬಲವಾದ ಸ್ಥಾನ ಯಾವುದೆಂದರೆ ಅಕ್ಷರದ ಕಡತ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಇರಿಸಲಾಗಿರುವ ಕಾರಣ, ಆ ಫಾಂಟು ಇಲ್ಲದ ಗಣಕದಲ್ಲಿ ಕಡತವನ್ನು ತೆರೆದೊಡನೆ ‘ಕನ್ನಡ’ ಎಂಬ ಪದವು PÀ£ÀßqÀ ಎಂದು ತೋರುತ್ತದೆ. ಇದು ಕಣ್ಣಿಗೆ ಹೊಡೆಯುವ ದೋಷವಾದುದರಿಂದ ಯಾರಾದರೂ ತಡೆದು ನಿಲ್ಲಿಸುತ್ತಾರೆ. ಯೂನಿಕೋಡಿನಲ್ಲಿ ಬರೆದ ಪಠ್ಯವನ್ನು ಕೋರೆಲ್‌ಡ್ರಾದ ಹಳೆಯ ಆವೃತ್ತಿಯಲ್ಲಿ ತೆರೆದಾಗ ಆಗುವ ಹಾನಿಯಾದರೋ ಇದಕ್ಕಿಂತ ಸೂಕ್ಷ್ಮವಾದುದು: ಅಕ್ಷರಗಳೆಲ್ಲ ಕನ್ನಡದವೇ ಆಗಿರುತ್ತವೆ, ಆದರೆ ಒತ್ತಕ್ಷರವು ಕೆಳಗಿಳಿಯದೆ ‘ಅಕ್ಕಿ’ ಎಂಬುದು ‘ಅಕ್‌ಕಿ’ ಆಗಿ ನಿಂತುಬಿಟ್ಟಿರುತ್ತದೆ, ಕನ್ನಡ ಓದಲಾರದ ಕಾರ್ಖಾನೆಯವನಿಗೆ ಅದರಲ್ಲಿ ತಪ್ಪೇ ಕಾಣುವುದಿಲ್ಲ.

ಆದಕಾರಣ ಹೆಸರಿನ ಮೂಲ ಕಡತವನ್ನು ಫಾಂಟನ್ನು ಅವಲಂಬಿಸದ ರೇಖಾರೂಪಕ್ಕೆ, ಅಂದರೆ ಮುದ್ರಣಾಲಯದವರು ‘ಕರ್ವ್ ಮಾಡುವುದು’ ಎನ್ನುವ ಸ್ಥಿತಿಗೆ, ತಂದಿಟ್ಟೇ ಹಂಚತಕ್ಕದ್ದೆಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಕೋರೆಲ್‌ಡ್ರಾದಲ್ಲಿ ಅದು Ctrl+Q ಒತ್ತಿದಷ್ಟು ಸುಲಭದ ಕೆಲಸ. ಕರ್ವ್ ಮಾಡಿದ ಬಳಿಕ ಪಠ್ಯವನ್ನು ತಿದ್ದಲಾಗದಾದುದರಿಂದ, ತಿದ್ದಬಲ್ಲ ಪ್ರತಿಯೊಂದನ್ನು ಗಿರಣಿಯ ಕಚೇರಿಯಲ್ಲಿ ಪ್ರತ್ಯೇಕವಾಗಿ ಕಾದಿಡಬೇಕು. ಹಂಚುವ ಕಡತವು ಪಿಡಿಎಫ್ ರೂಪದಲ್ಲಿಯೂ, ಹಳೆಯ ಆವೃತ್ತಿಗೆ ಇಳಿಸಿ ಉಳಿಸಿದ ಸಿಡಿಆರ್ ರೂಪದಲ್ಲಿಯೂ, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ರೂಪದಲ್ಲಿಯೂ ಇದ್ದರೆ ಊರಿನ ಯಾವ ಕೆಲಸಗಾರನಿಗೂ ಅಡಚಣೆಯಾಗದು. ವಿಳಾಸ, ಘೋಷವಾಕ್ಯ ಮುಂತಾದ ಉಳಿದ ಬರಹಕ್ಕೆ ಎಲ್ಲರಿಗೂ ಉಚಿತವಾಗಿ ದೊರೆಯುವ ನೋಟೋ ಸಾನ್ಸ್ ಕನ್ನಡ ಅಥವಾ ಬಲೂ ತಮ್ಮದಂಥ ಒಂದೇ ಫಾಂಟನ್ನು ಗೊತ್ತುಮಾಡಿ, ಅದರ ಕಡತವನ್ನೂ ಕೈಪಿಡಿಯ ಜೊತೆಗೇ ಕೊಟ್ಟುಬಿಡುವುದು ಲೇಸು. ಇನ್ನು ಪರೀಕ್ಷೆಯ ಮಾತು. ಅದಕ್ಕೆ ಈ ಸೀಮೆಯವರು ದೂರ ಹೋಗಬೇಕಾಗಿಲ್ಲ: ‘ಮಾನ್ವಿ’ಯಲ್ಲಿ ನಕಾರದ ಕೆಳಗೆ ವಕಾರದ ಒತ್ತುಂಟು, ‘ದೇವದುರ್ಗ’ದಲ್ಲಿ ಗಕಾರದ ಬಲಕ್ಕೆ ಅರ್ಕಾವೊತ್ತುಂಟು, ‘ರಾಯಚೂರು’ ಎಂಬಲ್ಲಿ ದೀರ್ಘ ಊಕಾರವೂ ಹ್ರಸ್ವ ಉಕಾರವೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಕರಡಚ್ಚಿನಲ್ಲಿ ಈ ಮೂರು ಊರುಗಳ ಹೆಸರು ನೆಟ್ಟಗೆ ಮೂಡಿದ್ದರೆ ಉಳಿದ ಪಠ್ಯವೂ ಬಹುಮಟ್ಟಿಗೆ ನೆಟ್ಟಗಿದೆಯೆಂದು ನಂಬಬಹುದು. ಮಾನ್ವಿಯನ್ನು ‘ಮಾನವಿ’ ಎಂದೂ ಬರೆಯುವ ರೂಢಿಯಿರುವುದರಿಂದ, ಗಿರಣಿಯವರು ಯಾವ ರೂಪವನ್ನು ಸ್ವೀಕರಿಸಿದ್ದಾರೆ ಎಂಬುದನ್ನೂ, ಅಂಕಿಗಳು ಕನ್ನಡದವೋ ಇಂಗ್ಲಿಷಿನವೋ ಎಂಬುದನ್ನೂ ಅದೇ ಪುಟದಲ್ಲಿ ನಮೂದಿಸಬೇಕು.

ಒತ್ತಕ್ಷರದ ಕಾರಣದಿಂದಲೇ ಹುಟ್ಟುವ ಮತ್ತೊಂದು ನಿಯಮವುಂಟು. ಲಾಂಛನದ ಸುತ್ತ ಇಷ್ಟು ಜಾಗ ಬರಿದಾಗಿರಬೇಕೆಂದು ಎಲ್ಲ ಕೈಪಿಡಿಗಳೂ ವಿಧಿಸುತ್ತವೆ. ಆದರೆ ಇಂಗ್ಲಿಷ್ ಮಾದರಿಗಳನ್ನು ನೋಡಿ ಸಿದ್ಧಪಡಿಸಿದವುಗಳಲ್ಲಿ ಆ ಜಾಗವನ್ನು ಅಕ್ಷರಗಳು ಕುಳಿತಿರುವ ಸಾಲಿನಿಂದ ಅಳೆದಿರುತ್ತಾರೆ. ಕನ್ನಡದಲ್ಲಿ ಒತ್ತು ಆ ಸಾಲಿನಿಂದ ಕೆಳಕ್ಕೆ ಇಳಿದಿರುವುದರಿಂದ, ಅಡಿಯಲ್ಲಿ ಬರೆಯುವ ದೂರವಾಣಿ ಸಂಖ್ಯೆಯು ಒತ್ತಿಗೆ ತಗುಲಿ ಹೆಸರಿನ ಅಂದವೇ ಕೆಡುತ್ತದೆ. ಹೆಸರಿನ ಮೊದಲಕ್ಷರದ ಎತ್ತರದ ಅರ್ಧದಷ್ಟು ಜಾಗವನ್ನು ನಾಲ್ಕೂ ಕಡೆ ಬಿಡತಕ್ಕದ್ದು, ಕೆಳಗಡೆಯಲ್ಲಿ ಮಾತ್ರ ಅತ್ಯಂತ ಕೆಳಗಿಳಿದ ಒತ್ತಿನ ತುದಿಯಿಂದ ಅಳೆಯತಕ್ಕದ್ದು, ಎಂದು ಚಿತ್ರಸಹಿತವಾಗಿ ತೋರಿಸಿದರೆ ಸಾಕು.

ಬಣ್ಣದ ವಿಷಯಕ್ಕೆ ಬಂದರೆ, ನಮ್ಮ ದೇಶದ ಅತ್ಯಂತ ಕಟ್ಟುನಿಟ್ಟಾದ ವಿನ್ಯಾಸ ನಿಯಮಗಳಲ್ಲಿ ರಾಷ್ಟ್ರಧ್ವಜದ್ದೂ ಒಂದು ಎಂಬುದನ್ನು ನೆನೆಯುವುದು ಉಪಯುಕ್ತ. 1951ರಲ್ಲಿ ಪ್ರಕಟವಾದ ಐಎಸ್ 1 ಎಂಬ ಆ ಮಾನಕವು ಕೇಸರಿಯನ್ನೂ ಹಸಿರನ್ನೂ ಬರಿಯ ಹೆಸರಿಗೆ ಬಿಟ್ಟುಕೊಡದೆ, ವರ್ಣವಿಜ್ಞಾನದ ಅಂಕಿಗಳಲ್ಲಿ ಬಂಧಿಸಿಟ್ಟಿತು. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಧ್ವಜದ ನೂಲು, ನೇಯ್ಗೆ, ಬಣ್ಣ, ಚಕ್ರದ ಮುದ್ರಣ ಇವೆಲ್ಲವೂ ಅಂಥ ಮಾನಕಕ್ಕೆ ಬದ್ಧವಾಗಿಯೇ ನಡೆಯುತ್ತವೆ. ಅಕ್ಕಿಯ ಚೀಲಕ್ಕೆ ಅಷ್ಟು ಬಿಗಿ ಬೇಡವಾದರೂ ತತ್ತ್ವ ಒಂದೇ: ‘ಕಡು ಹಸಿರು’ ಎಂಬ ಮಾತು ಐವರು ಕೆಲಸಗಾರರಲ್ಲಿ ಐದು ಹಸಿರನ್ನು ಹುಟ್ಟಿಸುತ್ತದೆ. ನಮ್ಮ ಊಹೆಯ ಗಿರಣಿಯ ಹಸಿರು, ಆಫ್‌ಸೆಟ್ಟಿಗೆ ಸಯಾನ್ 90, ಮಜೆಂಟಾ 30, ಹಳದಿ 95, ಕಪ್ಪು 20 ಎಂದಾಗಲಿ. ಪರದೆಗೆ #0B6B3A ಎಂದಾಗಲಿ. ಚೀಲದ ಕಾರ್ಖಾನೆಗೆ ಪ್ಯಾಂಟೋನ್ ಪುಸ್ತಕದ ಒಂದು ಸಂಖ್ಯೆ. ಗೋಡೆಯ ಪೇಂಟರಿಗೆ ಊರಿನ ಅಂಗಡಿಯಲ್ಲಿ ದೊರೆಯುವ ಎನಾಮೆಲ್ ಬಣ್ಣದ ಶೇಡ್ ಸಂಖ್ಯೆ. ಇವು ನಾಲ್ಕೂ ಒಂದಕ್ಕೊಂದು ಸಂಪೂರ್ಣ ಸಮನಾಗಲಾರವು, ಏಕೆಂದರೆ ಪರದೆಯದು ಬೆಳಕು, ಕಾಗದದ್ದು ಮಸಿ, ಗೋಡೆಯದು ಬಣ್ಣದ ಲೇಪ. ಆದುದರಿಂದ ಅಂಕಿಗಳ ಜೊತೆಗೆ, ಒಪ್ಪಿಗೆಯಾದ ಚೀಲದ ತುಣುಕೊಂದನ್ನೂ ಕಾಗದದ ತುಣುಕೊಂದನ್ನೂ ಯಜಮಾನರ ರುಜು ಹಾಕಿಸಿ ಮುದ್ರಕನಲ್ಲಿ ಒಂದು, ಗಿರಣಿಯಲ್ಲಿ ಒಂದು ಇಡತಕ್ಕದ್ದು. ವಾದ ಬಂದಾಗ ಹಗಲ ಬೆಳಕಿನಲ್ಲಿ ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡುವುದೇ ನಿರ್ಣಯ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿಯೇ ಹೇಳಬೇಕು. ಸಣ್ಣ ಕನ್ನಡ ಬರಹವನ್ನು ಕಪ್ಪು ಮಸಿಯೊಂದರಲ್ಲಿಯೇ ಅಚ್ಚು ಹಾಕಿಸಬೇಕು. ನಾಲ್ಕು ಮಸಿಗಳನ್ನು ಬೆರೆಸಿದ ಕಪ್ಪಾದರೆ, ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಒತ್ತುಗಳ ಅಂಚಿನಲ್ಲಿ ಬಣ್ಣದ ನೆರಳು ಕಾಣಿಸಿಕೊಂಡು ಓದು ಮಸುಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಹಣ ತಗಲುವುದೂ, ಹೆಚ್ಚಿನ ಕಣ್ಣುಗಳಿಗೆ ಬೀಳುವುದೂ ಚೀಲವಾದುದರಿಂದ ಅದಕ್ಕೆ ಕೈಪಿಡಿಯಲ್ಲಿ ವಿಶೇಷ ಪುಟಗಳು ಸಲ್ಲತಕ್ಕದ್ದು. ಪ್ಲಾಸ್ಟಿಕ್ ಪಟ್ಟಿಗಳನ್ನು ನೇಯ್ದ ಸಾದಾ ಚೀಲದ ಮೇಲ್ಮೈ ಕಾಗದದಂತೆ ಸಮತಲವಲ್ಲ. ಪಟ್ಟಿ ಪಟ್ಟಿಯ ನಡುವಣ ತಗ್ಗಿನಲ್ಲಿ ಮಸಿ ಇಳಿಯದೆ ತೆಳುಗೆರೆಗಳು ತುಂಡಾಗುತ್ತವೆ. ಆದಕಾರಣ ಗೆರೆಗಳನ್ನು ದಪ್ಪಗೊಳಿಸಿ, ಒತ್ತಿನ ಒಳಗಣ ಸಂದುಗಳನ್ನು ತುಸು ಅಗಲಿಸಿ ಬರೆದ ಇನ್ನೊಂದು ಆವೃತ್ತಿಯನ್ನು ‘ಚೀಲಕ್ಕೆ’ ಎಂದೇ ಹೆಸರಿಸಿ ಕೊಡಬೇಕು. ಹೊಳಪಿನ ಬಿಒಪಿಪಿ ಚೀಲದ ಕ್ರಮವೇ ಬೇರೆ. ಅಲ್ಲಿ ಪಾರದರ್ಶಕ ಹಾಳೆಯ ಹಿಂಬದಿಗೆ ಕನ್ನಡಿಯ ಬಿಂಬದಂತೆ ಅಚ್ಚು ಹಾಕಿ, ಅದನ್ನು ನೇಯ್ದ ಬಟ್ಟೆಗೆ ಅಂಟಿಸುತ್ತಾರೆ. ಪ್ರತಿಯೊಂದು ಬಣ್ಣಕ್ಕೂ ಕೊರೆದು ಸಿದ್ಧಪಡಿಸಿದ ಒಂದೊಂದು ಸಿಲಿಂಡರು ಬೇಕು, ಮತ್ತು ಚಿತ್ರದಲ್ಲಿ ಒಂದು ಅಂಕಿ ಬದಲಾದರೂ ಆ ಅಂಕಿಯು ಯಾವ ಯಾವ ಬಣ್ಣಗಳಲ್ಲಿದೆಯೋ ಆ ಸಿಲಿಂಡರುಗಳನ್ನೆಲ್ಲ ಹೊಸದಾಗಿ ಕೊರೆಸಬೇಕು.

ಇದರ ಮಹತ್ತ್ವ ಅಕ್ಕಿ ಗಿರಣಿಯವರಿಗೆ 2022ರಲ್ಲಿ ಮನದಟ್ಟಾಯಿತು. ಆ ವರ್ಷದ ಜುಲೈ 18ರಿಂದ 25 ಕಿಲೋವರೆಗಿನ, ಮೊದಲೇ ಕಟ್ಟಿ ಚೀಟಿ ಹಚ್ಚಿದ ಅಕ್ಕಿಗೆ ಶೇಕಡ 5ರ ಜಿಎಸ್‌ಟಿ ಬಂದಿತಾಗಿ, ದಕ್ಷಿಣದ ಅನೇಕ ಗಿರಣಿಗಳು 26 ಕಿಲೋ ಚೀಲಕ್ಕೆ ಹೊರಳಿದುವು. ‘25’ ಎಂಬ ಅಂಕಿಯನ್ನು ಹಳದಿ ಅಂಚು, ಕೆಂಪು ಒಡಲು, ಕಪ್ಪು ನೆರಳು ಕೊಟ್ಟು ಅಲಂಕರಿಸಿದ್ದ ಚೀಲವೊಂದನ್ನು ಭಾವಿಸಿಕೊಳ್ಳಿ. ಐದನ್ನು ಆರು ಮಾಡಲು ಅದಕ್ಕೆ ಮೂರು ಹೊಸ ಸಿಲಿಂಡರು ಬೇಕಾಗುತ್ತವೆ. ಅದೇ ಅಂಕಿಯು ಬಿಳಿಯ ಚೌಕದ ಮೇಲೆ ಬರಿಯ ಕಪ್ಪಿನಲ್ಲಿ ಇದ್ದಿದ್ದರೆ ಒಂದೇ ಸಾಕಾಗುತ್ತಿತ್ತು. ಆದುದರಿಂದ ತೂಕ, ವಿಳಾಸ, ದೂರವಾಣಿ, 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಹೀಗೆ ಎಂದಾದರೂ ಬದಲಾಗಬಹುದಾದುದೆಲ್ಲವೂ ಕಪ್ಪು ಬಣ್ಣವೊಂದರಲ್ಲಿಯೇ, ಗೊತ್ತುಪಡಿಸಿದ ಸ್ಥಳದಲ್ಲಿಯೇ ಇರತಕ್ಕದ್ದೆಂಬ ನಿಯಮವು, ನನ್ನ ಅಭಿಪ್ರಾಯದಲ್ಲಿ, ಚೀಲದ ಪುಟದ ಅತ್ಯಂತ ಬೆಲೆಯುಳ್ಳ ಸಾಲು.

ಫಲಕಗಳಿಗೆ ಕಾನೂನಿನ ಅಂಕೆಯೂ ಉಂಟು. 2024ರ ತಿದ್ದುಪಡಿಯ ಪ್ರಕಾರ ಕರ್ನಾಟಕದ ವ್ಯಾಪಾರ ಸಂಸ್ಥೆಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು. ಇಂಗ್ಲಿಷ್ ಹೆಸರನ್ನು ಮೇಲಿಟ್ಟು ಕನ್ನಡವನ್ನು ಅಡಿಗೆ ತಳ್ಳಿದ ಲಾಂಛನವನ್ನು ಫ್ಲೆಕ್ಸಿನವನು ಹಾಗೆಯೇ ದೊಡ್ಡದು ಮಾಡಿದರೆ ಫಲಕವನ್ನು ಇಳಿಸಬೇಕಾಗುತ್ತದೆ. ಫಲಕದ ವಿನ್ಯಾಸವನ್ನು ಕೈಪಿಡಿಯಲ್ಲಿ ಬೇರೆಯಾಗಿಯೇ ಬರೆಸಿಡುವುದು ಇದಕ್ಕೆ ಪರಿಹಾರ.

ಗೋಡೆಯ ಪೇಂಟರಿಗಾದರೋ ಪಿಡಿಎಫ್ ಕಡತದಿಂದ ಏನೂ ಆಗುವಂತಿಲ್ಲ. ಅವರು ನೂಲು ಹಿಡಿದು ಸುಣ್ಣದ ಗೆರೆ ಹಾಕಿಕೊಂಡು ಬರೆಯುವವರು. ಅವರಿಗೆ ಬೇಕಾದುದು ಒಂದೇ ಹಾಳೆ: ಲಾಂಛನದ ಮೇಲೆ ಅಡ್ಡಕ್ಕೆ ಹನ್ನೆರಡು, ಉದ್ದಕ್ಕೆ ಆರು ಚೌಕಗಳ ಜಾಲವನ್ನು ಎಳೆದು, ಯಾವ ಅಕ್ಷರದ ತಲೆಕಟ್ಟು ಯಾವ ಚೌಕದಲ್ಲಿ ಆರಂಭವಾಗಿ ಯಾವ ಒತ್ತು ಎಲ್ಲಿ ಮುಗಿಯುವುದೆಂಬುದು ಕಣ್ಣಿಗೆ ಕಾಣುವಂತೆ ಅಚ್ಚು ಮಾಡಿಸಿದ್ದು. ಹನ್ನೆರಡು ಅಡಿಯ ಗೋಡೆಗೆ ಒಂದು ಚೌಕ ಒಂದು ಅಡಿಯಾಗುತ್ತದೆ, ಆರಡಿಯದಕ್ಕೆ ಅರ್ಧ ಅಡಿ. ದೇವದುರ್ಗದ ಗೋಡೆಯೂ ಮಾನ್ವಿಯ ಗೋಡೆಯೂ ಬೇರೆ ಬೇರೆ ಕೈಗಳಲ್ಲಿ ಬರೆಯಲ್ಪಟ್ಟರೂ ಒಂದೇ ಪ್ರಮಾಣದಲ್ಲಿ ಉಳಿಯುವುದು ಈ ಹಾಳೆಯಿಂದಲೇ.

ಕೊನೆಯದಾಗಿ ಕಡತಗಳು ಕೈಯಿಂದ ಕೈಗೆ ಸಾಗುವ ಬಗೆ. ವಾಟ್ಸಾಪಿನಲ್ಲಿ ಚಿತ್ರವನ್ನು ಚಿತ್ರವಾಗಿಯೇ ಕಳುಹಿಸಿದರೆ ಅದು ಕುಗ್ಗಿ, ದೊಡ್ಡದು ಮಾಡಿದಾಗ ಅಂಚುಗಳು ಒಡೆಯುತ್ತವೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಮೂಲ ಹಾಗೆಯೇ ತಲುಪುತ್ತದೆ. ಪ್ರತಿಯೊಂದು ಕಡತದ ಹೆಸರಿನಲ್ಲಿಯೇ ಬಳಕೆಯೂ ಆವೃತ್ತಿಯೂ ಇರುವಂತೆ, ಉದಾಹರಣೆಗೆ `logo-kannada-chila-v3.pdf` ಎಂದು ಗೊತ್ತುಮಾಡಿ, ಈಗ ಚಲಾವಣೆಯಲ್ಲಿರುವ ಆವೃತ್ತಿ ಯಾವುದೆಂಬುದನ್ನು ದಿನಾಂಕದೊಡನೆ ಕೈಪಿಡಿಯ ಮೊದಲ ಪುಟದಲ್ಲಿ ಬರೆಯಬೇಕು. ಹೊರಗಿನ ವಿನ್ಯಾಸಕಾರನು ಕೆಲಸ ಮುಗಿಸಿದಾಗ ತಿದ್ದಬಲ್ಲ ಮೂಲವನ್ನು ಒಪ್ಪಿಸತಕ್ಕದ್ದೆಂಬುದನ್ನೂ, ಸಿಲಿಂಡರುಗಳು ಕಾರ್ಖಾನೆಯಲ್ಲಿ ಇದ್ದರೂ ಗಿರಣಿಯ ಸ್ವತ್ತೆಂಬುದನ್ನೂ ಮುಂಗಡ ಕೊಡುವ ಮೊದಲೇ ಲಿಖಿತವಾಗಿ ಒಪ್ಪಿಸಿಕೊಳ್ಳಬೇಕು. ಅಚ್ಚಿಗೆ ಹೋಗುವ ಮುನ್ನ ಕರಡನ್ನು ನೋಡಿ ರುಜು ಹಾಕುವವರು ಒಬ್ಬರೇ ಆಗಿರಲಿ, ಮತ್ತು ಅವರು ಕನ್ನಡವನ್ನು ಓದಬಲ್ಲವರಾಗಿರಲಿ. ತೆಲುಗು ಮಾತ್ರ ಬಲ್ಲ ಮುದ್ರಕನ ಕಣ್ಣಿಗೆ ಕನ್ನಡದ ಅಕ್ಷರಗಳು ಪರಿಚಿತವೆನಿಸಿಯೇ ತೋರುವುದರಿಂದ, ತಲೆಕಟ್ಟು ಬದಲಾದುದನ್ನು ಅವನು ಗಮನಿಸದೆ ಹೋಗುವ ಸಂಭವ ಹೆಚ್ಚು. ರುಜು ಮೊಬೈಲಿನ ಪರದೆಯನ್ನು ನೋಡಿ ಹಾಕಿದ್ದಾಗಿರಬಾರದು. ಚೀಲದ ಪೂರ್ಣ ಗಾತ್ರದಲ್ಲಿ ಕಾಗದದ ಮೇಲೆ ಅಚ್ಚಾದ ಕರಡನ್ನು ಹರಡಿ, ಮೂರು ಊರುಗಳ ಹೆಸರನ್ನೂ ಒಂದೊಂದಾಗಿ ಓದಿ, ತೂಕದ ಅಂಕಿಯನ್ನೂ ಪರವಾನಗಿಯ ಹದಿನಾಲ್ಕು ಅಂಕಿಗಳನ್ನೂ ದಾಖಲೆಯೊಡನೆ ತಾಳೆ ನೋಡಿದ ಮೇಲೆಯೇ ಹಾಕತಕ್ಕದ್ದು.