ಹಲ್ಲಿನ ಕುರ್ಚಿಯಲ್ಲಿ ನಿದ್ರಿಸುವ ಮಗುವಿನ ಉಸಿರು

2015ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರು ವರ್ಷದ ಆರೋಗ್ಯವಂತ ಬಾಲಕನೊಬ್ಬ ಹಲ್ಲು ತೆಗೆಸಿಕೊಳ್ಳಲು ಹೋಗಿ ಜೀವ ಕಳೆದುಕೊಂಡ. ಅರಿವಳಿಕೆ ಕೊಟ್ಟವರೂ ಹಲ್ಲು ಕಿತ್ತವರೂ ಒಬ್ಬರೇ ವೈದ್ಯರು. ಮರುವರ್ಷ ಅಲ್ಲಿ ಅವನ ಹೆಸರಿನ ಕಾನೂನೇ ಬಂತು.

ಇಂಥ ಸಾವು ತೀರಾ ಅಪರೂಪ. ಆದರೆ ಅಪಾಯ ಎಲ್ಲಿಂದ ಬರುತ್ತದೆಂದು ತಂದೆತಾಯಿಗೆ ಗೊತ್ತಿರಬೇಕು.

ಮತ್ತಿನ ಔಷಧಿ ಒಂದೇ ಪ್ರಮಾಣದಲ್ಲಿ ಕೊಟ್ಟರೂ ಒಂದು ಮಗು ಮಂಪರಿನಲ್ಲೇ ಉಳಿಯಬಹುದು, ಇನ್ನೊಂದು ಗಾಢ ನಿದ್ರೆಗೆ ಜಾರಬಹುದು. ಆಗ ನಾಲಿಗೆ, ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸದ ದಾರಿ ಮುಚ್ಚುತ್ತದೆ. ಬೆರಳಿಗೆ ಹಾಕುವ ಕ್ಲಿಪ್ ರಕ್ತದ ಆಮ್ಲಜನಕವನ್ನಷ್ಟೇ ತೋರಿಸುತ್ತದೆ. ಮೂಗಿಗೆ ಆಮ್ಲಜನಕ ಕೊಡುತ್ತಿದ್ದರೆ, ಉಸಿರು ನಿಂತ ಮೇಲೂ ಆ ಅಂಕಿ ಸ್ವಲ್ಪ ಹೊತ್ತು ಚೆನ್ನಾಗಿಯೇ ಇರುತ್ತದೆ. ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಮಾತ್ರ ಕೂಡಲೇ ಎಚ್ಚರಿಸುತ್ತದೆ. ಎಂಆರ್‌ಐ ಯಂತ್ರದೊಳಗೆ ಮಗುವಿನ ಎದೆ ಸರಿಯಾಗಿ ಕಾಣುವುದೇ ಇಲ್ಲವಾದ್ದರಿಂದ ಅಲ್ಲಿ ಇದು ಇನ್ನೂ ಮುಖ್ಯ.

ಆದ್ದರಿಂದ ಮೊದಲು ಕೇಳಬೇಕಾದದ್ದು: "ಡಾಕ್ಟ್ರೇ, ನೀವು ಹಲ್ಲು ನೋಡುವಾಗ ಇವಳ ಉಸಿರು ನೋಡೋರು ಯಾರು?" ಗಾಢ ಮತ್ತಿಗೆ ಪ್ರತ್ಯೇಕ ಅರಿವಳಿಕೆ ತಜ್ಞರೇ ಇರಬೇಕೆಂಬುದು ಅಮೆರಿಕದ ಮಕ್ಕಳ ತಜ್ಞರ 2019ರ ಮಾರ್ಗಸೂಚಿಯ ತಿರುಳು.

ಗೊರಕೆ, ದೊಡ್ಡ ಟಾನ್ಸಿಲ್, ನೆಗಡಿ ಇದ್ದರೆ ಮುಚ್ಚಿಡದೆ ಹೇಳಬೇಕು. ಸಾಮಾನ್ಯವಾಗಿ ಹಾಲು ಆರು ಗಂಟೆ, ಎದೆಹಾಲು ನಾಲ್ಕು, ನೀರು ಎರಡು ಗಂಟೆ ಮೊದಲೇ ನಿಲ್ಲಬೇಕು. ಹೊಟ್ಟೆಯಲ್ಲಿದ್ದದ್ದು ವಾಂತಿಯಾದರೆ ಶ್ವಾಸಕೋಶಕ್ಕೆ ಇಳಿಯಬಹುದು. ಮನೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಒಬ್ಬರು ಜೊತೆಗೆ ಕೂತು, ತೂಕಡಿಸುವ ಮಗುವಿನ ತಲೆ ಎದೆಗೆ ಬಾಗದಂತೆ ನೋಡಿಕೊಳ್ಳಬೇಕು.