ಎತ್ತರದ ಊರು, ಗಿಡ್ಡನೆಯ ಮಕ್ಕಳು

ಕನ್ನಡದಲ್ಲಿ ‘ಎತ್ತರ’ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ಬೆಟ್ಟವೂ ಎತ್ತರ, ಮನುಷ್ಯನೂ ಎತ್ತರ. ಆದರೆ ನಿಸರ್ಗ ಈ ಎರಡು ಎತ್ತರಗಳನ್ನು ಒಂದೆಡೆ ಕೂಡಿಸುವಂತೆ ಕಾಣುವುದಿಲ್ಲ. ಬಹಳ ಎತ್ತರದ ನೆಲದಲ್ಲಿ ಹುಟ್ಟಿ ಬೆಳೆದವರು ಅನೇಕ ಕಡೆ ಗಿಡ್ಡನೆಯವರು. ಇದಕ್ಕೆ ಅಲ್ಲಿಯ ತೆಳು ಗಾಳಿಯೇ ಕಾರಣವೆ, ಅಥವಾ ಬೇರೇನಾದರೂ ಉಂಟೆ? ಈ ಪ್ರಶ್ನೆಗೆ ವಿದ್ವಾಂಸರು ಉತ್ತರ ಹುಡುಕಿದ ಬಗೆಯನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ಗೊಂದಲವಾಗದಿರಲೆಂದು ಮೈಯ ಎತ್ತರವನ್ನು ‘ನಿಲುವು’ ಎಂದು ಕರೆಯೋಣ.

ದಕ್ಷಿಣ ಅಮೆರಿಕೆಯ ಪೆರು ದೇಶದ ದಕ್ಷಿಣಕ್ಕೆ, ಆಂಡೀಸ್ ಪರ್ವತಗಳ ನಡುವೆ, ನುನ್ಯೋವಾ ಎಂಬ ಸೀಮೆಯಿದೆ. ಅಲ್ಲಿಯ ಊರು ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಮೇಲಿದೆ. ಕುರುಬರ ಗುಡಿಸಲುಗಳು ಇನ್ನೂ ಮೇಲೆ. ನಮ್ಮ ನಾಡಿನಲ್ಲಿ ಎಲ್ಲಕ್ಕೂ ಎತ್ತರವಾದ ಮುಳ್ಳಯ್ಯನಗಿರಿಯ ಶಿಖರ ಸುಮಾರು 1,930 ಮೀಟರ್. ಅದರ ಮೇಲೆ ಅಂಥದೇ ಇನ್ನೊಂದು ಗಿರಿಯನ್ನು ಹೇರಿದರೂ ನುನ್ಯೋವಾದ ನೆಲ ಇನ್ನೂ ಸ್ವಲ್ಪ ಮೇಲೆಯೇ ಉಳಿಯುತ್ತದೆ. ಅಲ್ಲಿ ಕೆಚುವಾ ಭಾಷೆಯ ಜನ ಆಲೂಗೆಡ್ಡೆ ಬೆಳೆದು, ಅಲ್ಪಾಕ ಮತ್ತು ಲಾಮಾಗಳನ್ನು ಮೇಯಿಸಿ ಬಾಳುತ್ತಾರೆ. ಗಾಳಿಯ ಒತ್ತಡ ಕಡಲತಡಿಯ ಒತ್ತಡದ ಹತ್ತರಲ್ಲಿ ಆರು ಪಾಲಿನಷ್ಟು ಮಾತ್ರ. ಆದ್ದರಿಂದ ಒಂದೊಂದು ಉಸಿರಿನಲ್ಲೂ ಒಳಕ್ಕೆ ಹೋಗುವ ಆಮ್ಲಜನಕ ಅದೇ ಪ್ರಮಾಣದಲ್ಲಿ ಕಡಿಮೆ.

1960ರ ದಶಕದ ನಡುವಿನಲ್ಲಿ ಪಾಲ್ ಬೇಕರ್ ಎಂಬ ಮಾನವಶಾಸ್ತ್ರಜ್ಞರ ತಂಡ ಇಲ್ಲಿಗೆ ಬಂತು. ಆ ತಂಡದ ರಾಬರ್ಟೊ ಫ್ರಿಸಾಂಚೊ ಅವರು ಮಕ್ಕಳ ನಿಲುವು, ತೂಕ, ಎದೆಯ ಸುತ್ತಳತೆಗಳನ್ನು ಅಳೆದರು. 1970ರಲ್ಲಿ ಅವರಿಬ್ಬರೂ ಪ್ರಕಟಿಸಿದ ಚಿತ್ರ ಸ್ಪಷ್ಟವಾಗಿತ್ತು. ಮಕ್ಕಳು ನಿಧಾನವಾಗಿ ಬೆಳೆಯುತ್ತಿದ್ದರು. ಹರೆಯದಲ್ಲಿ ಮೈ ಒಮ್ಮೆಲೇ ಏರುವ ಕಾಲ ಅಲ್ಲಿ ತಡವಾಗಿ ಬರುತ್ತಿತ್ತು. ಬಂದಾಗಲೂ ಆ ಏರಿಕೆ ಮಂದವಾಗಿರುತ್ತಿತ್ತು. ಬೆಳವಣಿಗೆ ಇಪ್ಪತ್ತು ದಾಟಿಯೂ ಮುಂದುವರಿಯುತ್ತಿತ್ತು. ಅಷ್ಟಾಗಿಯೂ ಬೆಳೆದ ಗಂಡಸಿನ ನಿಲುವು ಸರಾಸರಿ 160 ಸೆಂಟಿಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಆದರೆ ಎದೆಗೂಡು ಮಾತ್ರ ನಿಲುವಿನ ಹೋಲಿಕೆಯಲ್ಲಿ ವಿಶಾಲವಾಗಿತ್ತು. ಕಾಲಿಗೆ ಸಲ್ಲದ ಬೆಳವಣಿಗೆ ಎದೆಗೆ ಸಂದಂತೆ ತೋರುತ್ತಿತ್ತು. ತೆಳು ಗಾಳಿಯಲ್ಲಿ ಬದುಕುವ ದೇಹಕ್ಕೆ ಉದ್ದ ಕಾಲಿಗಿಂತ ದೊಡ್ಡ ಶ್ವಾಸಕೋಶ ಅಗತ್ಯ. ಹೀಗಾಗಿ ಗಾಳಿಯೇ ನಿಲುವನ್ನು ಮೊಟಕು ಮಾಡಿದೆ ಎಂಬ ಊಹೆ ಸಹಜವಾಗಿಯೇ ಹುಟ್ಟಿತು.

ಊಹೆ ಸೊಗಸಾಗಿದೆ. ಆದರೆ ಅದರಲ್ಲಿ ಒಂದು ತೊಡಕಿದೆ. ನುನ್ಯೋವಾದಲ್ಲಿ ಗಾಳಿಯಷ್ಟೇ ತೆಳುವಾಗಿರಲಿಲ್ಲ, ಗಂಜಿಯೂ ತೆಳುವಾಗಿತ್ತು. ಚಳಿ ಕಠೋರ, ನೆಲ ಬಡವು. ಕೊಯ್ಲಿಗೆ ಮುಂಚಿನ ತಿಂಗಳುಗಳಲ್ಲಿ ಬಡವರ ಮನೆಯ ಕಣಜ ಬರಿದು. ಹಸಿದ ಮಗು ಕಡಲತೀರದಲ್ಲಿದ್ದರೂ ಕುಳ್ಳಾಗಿಯೇ ಬೆಳೆಯುತ್ತದೆ. ಒಂದೇ ಮಗುವಿನ ಮೇಲೆ ಎರಡು ಭಾರಗಳು ಕುಳಿತಿರುವಾಗ, ಬೆನ್ನು ಬಾಗಿದ್ದು ಯಾವುದರಿಂದ ಎಂದು ಹೇಳುವುದು ಹೇಗೆ?

ಒಂದು ಭಾರವನ್ನು ಇಳಿಸಿ ನೋಡಬೇಕು. ಕಾಲವೇ ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡಿಕೊಟ್ಟಿತು. ವಿಲಿಯಂ ಲಿಯೊನಾರ್ಡ್, ಥಾಮಸ್ ಲೆದರ್‌ಮನ್ ಮತ್ತು ಅವರ ಸಂಗಡಿಗರು 1980ರ ದಶಕದ ಮೊದಲಲ್ಲಿ ಅದೇ ನುನ್ಯೋವಾದ ಮಕ್ಕಳನ್ನು ಮತ್ತೆ ಅಳೆದರು. ಇಪ್ಪತ್ತು ವರ್ಷಗಳಲ್ಲಿ ಬೆಟ್ಟ ಒಂದಂಗುಲವೂ ತಗ್ಗಿರಲಿಲ್ಲ, ಗಾಳಿ ಒಂದಿನಿತೂ ದಟ್ಟವಾಗಿರಲಿಲ್ಲ. ಆದರೂ ಊರಿನ ಮಕ್ಕಳು ಹಿಂದಿನ ಅದೇ ವಯಸ್ಸಿನ ಮಕ್ಕಳಿಗಿಂತ ಎತ್ತರವಾಗಿದ್ದರು. ಒಂದೇ ಊರಿನಲ್ಲಿ ಅನುಕೂಲಸ್ಥರ ಮಕ್ಕಳು ಬಡವರ ಮಕ್ಕಳಿಗಿಂತ ಎತ್ತರವಾಗಿದ್ದರು. ಸಿರಿವಂತನೂ ಬಡವನೂ ಉಸಿರಾಡುವುದು ಅದೇ ಗಾಳಿಯನ್ನು. ಉಣ್ಣುವುದು ಮಾತ್ರ ಬೇರೆ ಬೇರೆ ತಟ್ಟೆಯಲ್ಲಿ. ಹಿಂದೆ ಗಾಳಿಯ ಲೆಕ್ಕಕ್ಕೆ ಬರೆದಿದ್ದ ಕೊರತೆಯಲ್ಲಿ ದೊಡ್ಡ ಪಾಲನ್ನು ಊಟದ ಲೆಕ್ಕಕ್ಕೆ ತಿರುಗಿ ಬರೆಯಬೇಕಾಯಿತು.

ಇದನ್ನು ಇನ್ನೊಂದು ದಿಕ್ಕಿನಿಂದಲೂ ಪರೀಕ್ಷಿಸಬಹುದು: ಮೇಲಿನ ಊರೇ ಆರೋಗ್ಯವಾಗಿದ್ದು, ಕೆಳಗಿನ ಊರು ರೋಗಕ್ಕೆ ತುತ್ತಾಗಿದ್ದರೆ? ಅಂಥ ಜಾಗ ಆಫ್ರಿಕದ ಇಥಿಯೋಪಿಯದಲ್ಲಿ ದೊರೆಯಿತು. ಅಲ್ಲಿಯ ಸಿಮಿಯೆನ್ ಬೆಟ್ಟಗಳಲ್ಲಿ 3,000 ಮೀಟರ್ ಎತ್ತರದ ಡೆಬಾರೆಕ್ ಎಂಬ ಊರನ್ನೂ, 1,500 ಮೀಟರಿನ ಆದಿ ಅರ್ಕಾಯ್ ಎಂಬ ಊರನ್ನೂ ಹೋಲಿಸಿ 1972ರಲ್ಲಿ ಒಂದು ವರದಿ ಪ್ರಕಟವಾಯಿತು. ಅಲ್ಲಿ ಮೇಲಿನ ಊರಿನ ಮಕ್ಕಳೇ ಹೆಚ್ಚು ಬೆಳೆದಿದ್ದರು. ತಗ್ಗಿನಲ್ಲಿ ಮಲೇರಿಯ ಮೊದಲಾದ ಜ್ವರಗಳ ಕಾಟ. ಮೇಲೆ ಸೊಳ್ಳೆಗೆ ಆಸ್ಪದವಿಲ್ಲ, ಬದುಕೂ ತುಸು ಮೇಲು. ಗಾಳಿ ಮಗುವಿನಿಂದ ಕಸಿದುಕೊಂಡದ್ದಕ್ಕಿಂತ ಜ್ವರ ಕಸಿದುಕೊಂಡದ್ದೇ ಹೆಚ್ಚಾಗಿತ್ತು.

ಹಾಗಾದರೆ ಗಾಳಿ ಪೂರ್ತಿ ನಿರಪರಾಧಿಯೆ? ಹಾಗೂ ಹೇಳಲಾಗದು. ಅದರ ಕೈವಾಡ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಮಗು ಹುಟ್ಟುವ ಮುನ್ನ. ಗರ್ಭದ ಶಿಶುವಿಗೆ ತಾಯಿಯ ರಕ್ತವೇ ಗಾಳಿ. ಆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಶಿಶು ತೂಕ ಕೂಡಿಸುವುದು ಕೊನೆಯ ತಿಂಗಳುಗಳಲ್ಲಿ ಮಂದವಾಗುತ್ತದೆ. ಸಾವಿರ ಮೀಟರ್ ಏರಿದಂತೆಲ್ಲ ಹುಟ್ಟುತೂಕ ಸರಾಸರಿ 100 ಗ್ರಾಮಿನಷ್ಟು ತಗ್ಗುತ್ತದೆಂಬುದು ಅನೇಕ ಕಡೆ ಕಂಡ ಲೆಕ್ಕ. ಉಂಡುಟ್ಟು ಸುಖವಾಗಿರುವ ತಾಯಂದಿರಲ್ಲೂ ಇದು ಕಾಣುವುದರಿಂದ ಹಸಿವಿನ ಮೇಲೆ ಹೊರಿಸಲು ಬರುವುದಿಲ್ಲ. ಆದರೆ ಎಲ್ಲ ಜನಾಂಗಗಳಲ್ಲೂ ಇಳಿತ ಒಂದೇ ಸಮನಲ್ಲ. ಸಾವಿರಾರು ವರ್ಷಗಳಿಂದ ಬೆಟ್ಟದಲ್ಲೇ ನೆಲೆಸಿದ ಟಿಬೆಟನ್ನರಲ್ಲಿ ಅದು ಕಡಿಮೆ. ಅಲ್ಲಿಗೆ ಹೊಸದಾಗಿ ಬಂದ ಚೀನೀಯರಲ್ಲಿ ಹೆಚ್ಚು.

ಹುಟ್ಟಿದ ಮೇಲೆ ಉಳಿಯುವ ಪರಿಣಾಮ ಎಷ್ಟು? ಕಲೇಬ್ ಬಾಯೆ ಮತ್ತು ಕಲ್ಲೆ ಹಿರ್ವೊನೆನ್ ಎಂಬ ಇಬ್ಬರು 59 ದೇಶಗಳ ಸುಮಾರು 9,64,000 ಎಳೆಯ ಮಕ್ಕಳ ಅಳತೆಗಳನ್ನು ಒಟ್ಟುಗೂಡಿಸಿ 2020ರಲ್ಲಿ ಲೆಕ್ಕ ಹಾಕಿದರು. ಅವರ ಲೆಕ್ಕವನ್ನು ಸೆಂಟಿಮೀಟರಿಗೆ ತಿರುಗಿಸಿದರೆ, ಸಾವಿರ ಮೀಟರಿಗೆ ಎಳೆಯ ಮಗುವಿನ ನಿಲುವಿನಲ್ಲಿ ಅರ್ಧದಿಂದ ಮುಕ್ಕಾಲು ಸೆಂಟಿಮೀಟರಿನಷ್ಟು ಇಳಿತ. ಅನುಕೂಲವಂತ ಮನೆಗಳಲ್ಲಿಯೂ ಅದು ಪೂರ್ತಿ ಅಳಿಸಿಹೋಗಲಿಲ್ಲ. ಗಾಳಿಯ ಪಾಲು ನಿಜವಾದದ್ದು, ಆದರೆ ಸಣ್ಣದು.

ಈ ಲೆಕ್ಕಾಚಾರ ಪಂಡಿತರ ವಿನೋದಕ್ಕಲ್ಲ. ಜಗತ್ತಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ಅಳೆಯಲು 2006ರಿಂದ ಬಳಸುತ್ತಿರುವ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲನ್ನು 1,500 ಮೀಟರಿಗಿಂತ ಕೆಳಗಿನ ಊರುಗಳ ಮಕ್ಕಳಿಂದ ರೂಪಿಸಲಾಯಿತು. ಬೆಟ್ಟದ ಮಗುವನ್ನು ಆ ಗೋಲಿಗೆ ಹಿಡಿದಾಗ ಅದು ಗಿಡ್ಡನೆಂದು ಬರುತ್ತದೆ. ಆಗ ಎರಡು ತಪ್ಪುಗಳು ಸಾಧ್ಯ. ಚೆನ್ನಾಗಿಯೇ ಬೆಳೆಯುತ್ತಿರುವ ಮಗುವನ್ನು ಹಸಿದ ಮಗುವೆಂದು ತಿಳಿಯುವುದು ಒಂದು. ಹಸಿದ ಮಗುವನ್ನು ಕಂಡು, ‘ಇದು ಬೆಟ್ಟದ ಮಗು, ಇಷ್ಟೇ ಇದರ ನಿಲುವು’ ಎಂದು ಕೈಬಿಡುವುದು ಇನ್ನೊಂದು. ಮೊದಲ ತಪ್ಪಿಗೆ ಬೆಲೆ ಒಂದು ಬಟ್ಟಲು ಹಾಲು. ಎರಡನೆಯದಕ್ಕೆ ಬೆಲೆ ತೆರುವುದು ಆ ಮಗು. ಮತ್ತು ಹುಡುಗಿಯಾದರೆ, ಮುಂದೆ ಅವಳ ಬಸಿರಿನಲ್ಲಿ ಬೆಳೆಯುವ ಕೂಸು.

ವೈದ್ಯರು ಈ ತಪ್ಪನ್ನು ತಡೆಯುವುದು ಒಂದೇ ದಿನದ ಅಳತೆಯಿಂದಲ್ಲ. ತಿಂಗಳಿಂದ ತಿಂಗಳಿಗೆ ಅಳೆದು ನೋಡುತ್ತಾರೆ. ಹುಟ್ಟುವಾಗಲೇ ತುಸು ಕೆಳಗಿದ್ದು, ಅನಂತರ ತನ್ನದೇ ಗೆರೆಯನ್ನು ಬಿಡದೆ ಏರುವ ಮಗುವಿನ ವಿಷಯದಲ್ಲಿ ಗಾಳಿಯನ್ನು ಶಂಕಿಸಬಹುದು. ಚೆನ್ನಾಗಿ ಹೊರಟು, ಮೊಲೆ ಬಿಡುವ ವೇಳೆಗೆ ಗೆರೆಯಿಂದ ಕೆಳಗೆ ಜಾರುವ ಮಗುವಿಗೆ ಮೊದಲು ನೋಡಬೇಕಾದದ್ದು ಊಟ, ಭೇದಿ, ಜ್ವರಗಳನ್ನು. ಬೆಟ್ಟವನ್ನು ಯಾರೂ ತಗ್ಗಿಸಲಾರರು. ಆದರೆ ನುನ್ಯೋವಾದ ಮಕ್ಕಳು ಬೆಟ್ಟದಿಂದ ಇಳಿಯದೆಯೇ ಎತ್ತರವಾದರು.